ಡಾಂಬರು ಬಿಟ್ಟು ಮರಳಿಗೆ ಇಳಿಯುವ ಮೊದಲು

ಪ್ರಶ್ನೆ: ನನಗೆ 43 ವರ್ಷ. ರಾಜಾಜಿನಗರದಲ್ಲಿದ್ದೇನೆ. ಏಪ್ರಿಲ್‌ನಲ್ಲಿ ಹತ್ತು ಕಿಲೋಮೀಟರ್ ಓಟಕ್ಕೆ ಹೆಸರು ಕೊಡೋಣ ಅಂತ ಅಕ್ಟೋಬರ್‌ನಿಂದ ಓಟ ಜಾಸ್ತಿ ಮಾಡಿದೆ. ವಾರಕ್ಕೆ 18 ಕಿ.ಮೀ. ಇದ್ದದ್ದು ಈಗ 32 ಆಗಿದೆ. ಕಿಲೋಮೀಟರಿಗೆ ಏಳು ನಿಮಿಷ, ಎಲ್ಲಾ ರಸ್ತೆ ಮೇಲೇನೇ. ಮೂರು ವಾರದಿಂದ ಎಡಗಾಲಿನ ಕಣಕಾಲು ಒಳಬದಿಯಲ್ಲಿ ನೋಯುತ್ತಿದೆ. ಗುಂಪಿನವರೆಲ್ಲ ಡಾಂಬರು ಬಿಡಿ, ಮೆತ್ತಗಿನ ನೆಲದಲ್ಲಿ ಓಡಿ ಅಂತಾರೆ. ಕ್ರಿಸ್‌ಮಸ್ ರಜೆಗೆ ಎರಡು ವಾರ ಮಲ್ಪೆಗೆ, ತವರಿಗೆ ಹೋಗ್ತಿದ್ದೇನೆ. ಅಲ್ಲಿ ದಿನಾ ಬರಿಗಾಲಲ್ಲಿ ಮರಳಿನ ಮೇಲೆ ಓಡಿದರೆ ಕಾಲಿಗೆ ಒಳ್ಳೇದಾ? ಬೆಂಗಳೂರಿನಲ್ಲಿ ಹುಲ್ಲು, ಮಳೆಗಾಲದ ಕೆಸರು ಹೇಗೆ?

ಉತ್ತರ: ದಿನಾ ಬೇಡ. ಬರಿಗಾಲಲ್ಲಂತೂ ಬೇಡವೇ ಬೇಡ. ಶೂ ಹಾಕಿಕೊಂಡು, ಒದ್ದೆಯಾದ ಗಟ್ಟಿ ಮರಳಿನ ಮೇಲೆ, ದಿನ ಬಿಟ್ಟು ದಿನ, ಸ್ವಲ್ಪ ಸ್ವಲ್ಪ ಓಡಬಹುದು. ಅದೂ ನಿಮ್ಮ ನೋವು ಯಾವ ಥರದ್ದು ಅಂತ ಗೊತ್ತಾದ ಮೇಲೆ. ಹಾಗಾಗಿ ಮೊದಲು ನೋವಿನ ವಿಷಯ ಮುಗಿಸೋಣ.

ಕುರ್ಚಿ ಮೇಲೆ ಕೂತು ಎಡಗಾಲನ್ನು ಬಲ ತೊಡೆಯ ಮೇಲೆ ಇಟ್ಟುಕೊಳ್ಳಿ. ಕಣಕಾಲಿನ ಮೂಳೆಯ ಒಳ ಅಂಚನ್ನು ಹೆಬ್ಬೆರಳಿನಿಂದ ಒತ್ತುತ್ತಾ ಮೇಲಿಂದ ಕೆಳಗೆ ಬನ್ನಿ. ನಾಲ್ಕು ಬೆರಳಗಲ ಅಥವಾ ಅದಕ್ಕಿಂತ ಉದ್ದಕ್ಕೆ ಹರಡಿಕೊಂಡು ನೋಯುತ್ತಿದೆಯಾ? ಓಟದ ಶುರುವಿನಲ್ಲಿ ನೋವಿದ್ದು, ಮೈ ಬಿಸಿಯಾದ ಮೇಲೆ ಕಡಿಮೆಯಾಗುತ್ತದಾ? ಹಾಗಿದ್ದರೆ ಅದು ಬಹುಮಟ್ಟಿಗೆ ಓಟಗಾರರು ಶಿನ್ ಸ್ಪ್ಲಿಂಟ್ ಅನ್ನುವ ತೊಂದರೆ. ಮೂಳೆ ಮತ್ತು ಅದರ ಮೇಲಿನ ಪೊರೆ ಕೆರಳಿರುತ್ತದೆ. ಓಟ ಕಡಿಮೆ ಮಾಡಿದರೆ ಇಳಿಯುತ್ತದೆ.

ಇನ್ನೊಂದು ಥರ ಇದೆ. ಒಂದು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ಮಾತ್ರ ಚುಚ್ಚಿದಂತೆ ನೋವು. ಓಡಿದಷ್ಟೂ ಅದು ಏರುತ್ತದೆ. ಆ ಒಂದೇ ಕಾಲಲ್ಲಿ ನಾಲ್ಕು ಸಲ ಕುಪ್ಪಳಿಸಿದರೆ ಅದೇ ಜಾಗ ಹಿಡಿಯುತ್ತದೆ. ರಾತ್ರಿ ಮಲಗಿದಾಗಲೂ ಮಿಡಿಯುತ್ತದೆ. ಇದರಲ್ಲಿ ಯಾವುದಾದರೂ ಇದ್ದರೆ ಮೂಳೆಯಲ್ಲಿ ಸಣ್ಣ ಬಿರುಕಿನ ಅನುಮಾನ ಪಡಬೇಕು. ಆಗ ಮರಳೂ ಬೇಡ, ಹುಲ್ಲೂ ಬೇಡ, ಓಟ ಪೂರ್ತಿ ನಿಲ್ಲಿಸಿ ಮೂಳೆ ಡಾಕ್ಟರ ಹತ್ತಿರ ಹೋಗಿ. ಎಕ್ಸ್‌ರೇ ಸರಿಯಾಗಿದೆ ಅಂತ ಸುಮ್ನೆ ವಾಪಸ್ ಬರಬೇಡಿ. ಮೊದಲ ಎರಡು ಮೂರು ವಾರ ಇಂಥ ಬಿರುಕು ಎಕ್ಸ್‌ರೇಯಲ್ಲಿ ಎಷ್ಟೋ ಸಲ ಕಾಣುವುದೇ ಇಲ್ಲ, ಎಂಆರ್‌ಐಯಲ್ಲಿ ಕಾಣುತ್ತದೆ. ನಿಮ್ಮ ವಯಸ್ಸಿನಲ್ಲಿ ಮುಟ್ಟು ಏರುಪೇರಾಗಿದ್ದರೆ, ಅಥವಾ ತೂಕ ಇಳಿಸಲು ಊಟ ಕಡಿಮೆ ಮಾಡಿದ್ದರೆ, ಅದನ್ನೂ ಡಾಕ್ಟರಿಗೆ ಹೇಳಿ. ಮೂಳೆಯ ಗಟ್ಟಿತನಕ್ಕೂ ಅದಕ್ಕೂ ನೇರ ಸಂಬಂಧವಿದೆ.

ಮೊದಲನೆಯ ಥರದ್ದೇ ಅಂತ ಇಟ್ಟುಕೊಂಡು ಮುಂದೆ ಹೋಗುತ್ತೇನೆ.

ನಿಮ್ಮ ಗುಂಪಿನವರು ಡಾಂಬರನ್ನು ಬೈದಿದ್ದಾರೆ. ನನ್ನ ಕಣ್ಣು ಮಾತ್ರ 18 ಮತ್ತು 32ರ ಮೇಲೆ ಬಿತ್ತು. ಕಿಲೋಮೀಟರಿಗೆ ಏಳು ನಿಮಿಷದ ಓಟದಲ್ಲಿ ಒಂದೊಂದು ಕಾಲು ಕಿಲೋಮೀಟರಿಗೆ ಹತ್ತಿರ ಹತ್ತಿರ ಆರುನೂರು ಸಲ ನೆಲಕ್ಕೆ ಬೀಳುತ್ತದೆ. ಹದಿನಾಲ್ಕು ಕಿಲೋಮೀಟರ್ ಜಾಸ್ತಿ ಅಂದರೆ ವಾರಕ್ಕೆ ನಿಮ್ಮ ಎಡಗಾಲಿಗೆ ಎಂಟು ಸಾವಿರಕ್ಕೂ ಹೆಚ್ಚು ಹೊಸ ಹೊಡೆತ. ಹೊಸ ಭಾರ ಬಿದ್ದಾಗ ಮೂಳೆ ತನ್ನನ್ನು ತಾನು ದುರಸ್ತಿ ಮಾಡಿಕೊಳ್ಳುತ್ತದೆ. ಆದರೆ ಅದು ಮೊದಲು ಹಳೆಯದನ್ನು ಕೆರೆದು ತೆಗೆಯುತ್ತದೆ, ಹೊಸದನ್ನು ತುಂಬುವುದು ಆಮೇಲೆ. ನಡುವಿನ ಕೆಲವು ವಾರ ಅದು ಮೊದಲಿಗಿಂತ ದುರ್ಬಲ. ಆ ಹೊತ್ತಿಗೇ ನೀವು ದೂರ ಏರಿಸುತ್ತಾ ಹೋಗಿದ್ದೀರಿ. ಇದನ್ನು ಹುಲ್ಲಿನ ಮೇಲೆ ಮಾಡಿದ್ದರೂ ಕಾಲು ನೋಯುವ ಸಾಧ್ಯತೆ ಸಾಕಷ್ಟಿತ್ತು.

ಹಾಗಾದರೆ ನೆಲದ ಗಡುಸಿಗೆ ಲೆಕ್ಕವೇ ಇಲ್ಲವಾ? ಇದೆ, ಆದರೆ ಜನ ಅಂದುಕೊಂಡ ರೀತಿಯಲ್ಲಿ ಅಲ್ಲ.

ಗಟ್ಟಿ ನೆಲ ಕಾಲಿಗೆ ಜೋರಾಗಿ ಹೊಡೆಯುತ್ತದೆ, ಮೆತ್ತನೆ ನೆಲ ಮೆಲ್ಲಗೆ ಹೊಡೆಯುತ್ತದೆ ಅಂತ ಎಲ್ಲರೂ ನಂಬುತ್ತಾರೆ. ನಡುವೆ ಇರುವ ಕಾಲು ಸುಮ್ಮನೆ ಹೊಡೆತ ತಿನ್ನುವ ಕೋಲು ಅನ್ನೋ ಹಾಗೆ. ಕಾಲು ಹಾಗಿಲ್ಲ. 1990ರ ದಶಕದ ಕೊನೆಯಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಡೇನಿಯಲ್ ಫೆರಿಸ್ ಮತ್ತು ಕ್ಲೇರ್ ಫಾರ್ಲಿ ಓಟಗಾರರನ್ನು ಬೇರೆ ಬೇರೆ ಮೆದುವಿನ ನೆಲದ ಮೇಲೆ ಓಡಿಸಿ ನೋಡಿದರು. ನೆಲ ಮೆತ್ತಗಾದರೆ ಕಾಲು ತಾನೇ ಬಿಗಿಯಾಗುತ್ತದೆ. ಮೊಣಕಾಲು, ಪಾದದ ಕೀಲು ಕಡಿಮೆ ಬಾಗುತ್ತವೆ. ನೆಲ ಗಟ್ಟಿಯಾದರೆ ಕಾಲು ಸಡಿಲವಾಗುತ್ತದೆ, ಜಾಸ್ತಿ ಬಾಗುತ್ತದೆ. ಈ ಹೊಂದಾಣಿಕೆ ಹೊಸ ನೆಲದ ಮೊದಲ ಹೆಜ್ಜೆಯಲ್ಲೇ ಆಗಿಬಿಡುತ್ತದೆ. ಮೆತ್ತನೆಯ ನೆಲದಿಂದ ಗಟ್ಟಿ ನೆಲಕ್ಕೆ ದಾಟುವಾಗಲೂ ದೇಹದ ಏರಿಳಿತ ಹೆಚ್ಚುಕಮ್ಮಿ ಹಾಗೇ ಇರುತ್ತದೆ. ಕಾಲಿನ ಮೇಲೆ ಬೀಳುವ ಗರಿಷ್ಠ ಭಾರವೂ ಅಷ್ಟೇ: ದೇಹದ ತೂಕದ ಸುಮಾರು ಎರಡೂವರೆ ಪಟ್ಟು, ನೆಲ ಯಾವುದಾದರೂ ಅದರ ಆಸುಪಾಸಿನಲ್ಲೇ.

ಇದಕ್ಕೇ ಡಾಂಬರು ಮತ್ತು ಕಾಂಕ್ರೀಟಿನ ಜಗಳ ನನಗೆ ಅಷ್ಟು ಮುಖ್ಯ ಅನಿಸುವುದಿಲ್ಲ. ಬೆಂಗಳೂರಿನಲ್ಲಿ ರಸ್ತೆಗೆ ವೈಟ್ ಟಾಪಿಂಗ್ ಆದಾಗಲೆಲ್ಲ ಓಟಗಾರರು ಮೊಣಕಾಲು ಹೋಯಿತು ಅಂತ ಗೊಣಗುತ್ತಾರೆ. ಕಾಂಕ್ರೀಟು ಹೆಚ್ಚು ಗಡುಸು ನಿಜ. ಆದರೆ ಎರಡೂ ನಿಮ್ಮ ತೂಕಕ್ಕೆ ಕಣ್ಣಿಗೆ ಕಾಣುವಷ್ಟು ಬಗ್ಗುವುದಿಲ್ಲ. ಬಗ್ಗುವುದೆಲ್ಲ ನಿಮ್ಮ ಶೂವಿನ ಅಟ್ಟೆ. ಅದರ ಮುಂದೆ ಈ ಎರಡರ ವ್ಯತ್ಯಾಸ ಲೆಕ್ಕಕ್ಕೆ ಬರುವುದು ಕಷ್ಟ. ರಸ್ತೆಯ ನಿಜವಾದ ತೊಂದರೆ ಬೇರೆ. ಅಲ್ಲಿ ಪ್ರತಿ ಹೆಜ್ಜೆಯೂ ಹಿಂದಿನ ಹೆಜ್ಜೆಯ ನಕಲು. ಅದೇ ಕೋನ, ಅದೇ ಜಾಗ, ಸಾವಿರಾರು ಸಲ. ಜೊತೆಗೆ ನೀರು ಹರಿಯಲಿ ಅಂತ ರಸ್ತೆಯನ್ನು ಅಂಚಿಗೆ ಇಳಿಜಾರು ಮಾಡಿರುತ್ತಾರೆ. ಯಾವಾಗಲೂ ಒಂದೇ ಬದಿಯಲ್ಲಿ ಓಡಿದರೆ ಒಂದು ಪಾದ ಯಾವಾಗಲೂ ತಗ್ಗಿನಲ್ಲೇ ಬೀಳುತ್ತದೆ. ನಿಮಗೆ ಎಡಗಾಲೊಂದೇ ನೋಯುತ್ತಿದೆ. ನೀವು ಯಾವ ಬದಿಯಲ್ಲಿ ಓಡುತ್ತೀರಿ ಅಂತ ಒಮ್ಮೆ ನೋಡಿಕೊಳ್ಳಿ.

ನೆಲ ಬದಲಾದರೆ ಭಾರ ಮಾಯವಾಗುವುದಿಲ್ಲ, ಜಾಗ ಬದಲಿಸುತ್ತದೆ. ನಿಮ್ಮ ಪ್ರಶ್ನೆಗೆ ಇದೇ ಮುಖ್ಯ. ಮರಳಿನಲ್ಲಿ ಆ ಭಾರ ಎಲ್ಲಿಗೆ ಹೋಗುತ್ತದೆ ನೋಡೋಣ.

ಹಿಮ್ಮಡಿಯ ಹಿಂದೆ ಕೈಗೆ ಸಿಗುವ ದಪ್ಪ ಹುರಿ ಇದೆಯಲ್ಲ, ಅದೇ ಅಕಿಲಿಸ್. ಮೀನಖಂಡವನ್ನು ಹಿಮ್ಮಡಿಗೆ ಕಟ್ಟಿರುವುದು ಅದು. ಗಟ್ಟಿ ನೆಲದಲ್ಲಿ ಪಾದ ಊರಿದಾಗ ಅದು ರಬ್ಬರ್ ಬ್ಯಾಂಡಿನ ಹಾಗೆ ಹಿಗ್ಗುತ್ತದೆ, ಪಾದ ಎತ್ತುವಾಗ ಕುಗ್ಗಿ ನಿಮ್ಮನ್ನು ಮುಂದಕ್ಕೆ ಎಸೆಯುತ್ತದೆ. ಒಂದು ಹೆಜ್ಜೆಯಲ್ಲಿ ಬಂದು ಹೋಗುವ ಶಕ್ತಿಯ ಸುಮಾರು ಮೂರನೇ ಒಂದು ಭಾಗವನ್ನು ಅಕಿಲಿಸ್ ಹೀಗೆ ಕೂಡಿಟ್ಟು ವಾಪಸ್ ಕೊಡುತ್ತದೆ ಅಂತ ಒಂದು ಹಳೆಯ, ಪ್ರಸಿದ್ಧ ಲೆಕ್ಕವಿದೆ. ಅಂಗಾಲಿನ ಕಮಾನು ಇನ್ನೂ ಸ್ವಲ್ಪ ಕೊಡುತ್ತದೆ. ಅಂದರೆ ರಸ್ತೆಯ ಮೇಲಿನ ಓಟದಲ್ಲಿ ದೊಡ್ಡ ಪಾಲು ಬಿಟ್ಟಿ.

ಒಣ ಮರಳಿನಲ್ಲಿ ಆ ಬಿಟ್ಟಿ ಇಲ್ಲ. ನೀವು ಹಿಂದಕ್ಕೆ ಒದ್ದಾಗ ಪಾದದ ಕೆಳಗಿನ ಮರಳು ಜರುಗುತ್ತದೆ. ನಿಮ್ಮನ್ನು ಎಸೆಯಬೇಕಾದ ಶಕ್ತಿ ಮರಳನ್ನು ಪಕ್ಕಕ್ಕೆ ತಳ್ಳುವುದರಲ್ಲಿ ಮುಗಿದುಹೋಗುತ್ತದೆ. ಕಳೆದುಹೋದದ್ದನ್ನು ಸ್ನಾಯುಗಳೇ ತುಂಬಬೇಕು. 1998ರಲ್ಲಿ ಬೆಲ್ಜಿಯಂನ ಲೂವೇನ್‌ನ ಸಂಶೋಧಕರು ಇದನ್ನು ಅಳೆದರು. ಅದೇ ವೇಗದಲ್ಲಿ ಮರಳಿನ ಮೇಲೆ ಓಡಲು ಗಟ್ಟಿ ನೆಲಕ್ಕಿಂತ 1.6 ಪಟ್ಟು ಶಕ್ತಿ ಬೇಕಾಯಿತು. ತಮಾಷೆ ಅಂದರೆ ನಡಿಗೆಯ ಖರ್ಚು ಇನ್ನೂ ಜಾಸ್ತಿ ಏರಿತು, ಎರಡು ಪಟ್ಟಿಗೂ ಮೇಲೆ. ಅಜ್ಜಿಯರು ಕಡಲ ತೀರದಲ್ಲಿ ನಾಲ್ಕು ಹೆಜ್ಜೆ ಹಾಕಿ ಸುಸ್ತು ಅನ್ನುವುದರಲ್ಲಿ ಸುಳ್ಳೇನಿಲ್ಲ.

ಈ 1.6 ಅನ್ನು ನಿಮ್ಮ ಓಟಕ್ಕೆ ಹಾಕಿ ನೋಡಿ. ನೀವು ಆರಾಮವಾಗಿ ಕಿಲೋಮೀಟರಿಗೆ ಏಳು ನಿಮಿಷದಲ್ಲಿ ಓಡುತ್ತೀರಿ. ಅದೇ ಆರಾಮ, ಅದೇ ಉಸಿರು ಒಣ ಮರಳಿನಲ್ಲೂ ಇರಬೇಕೆಂದರೆ ಕಿಲೋಮೀಟರಿಗೆ ಹನ್ನೊಂದು ನಿಮಿಷ ಹಿಡಿಯುತ್ತದೆ. ರಸ್ತೆಯ ಮೇಲೆ ಬಿರುಸಾಗಿ ನಡೆದರೇ ಅದಕ್ಕಿಂತ ಬೇಗ ಹೋಗಬಹುದು. ಅಂದರೆ ನಿಮ್ಮ ಮಟ್ಟದ ಓಟಗಾರರಿಗೆ ಆಳವಾದ ಒಣ ಮರಳಿನಲ್ಲಿ ಆರಾಮದ ಓಟ ಅನ್ನುವುದೇ ಇಲ್ಲ. ಓಡಿದರೆ ಅದು ಜೋರು ವ್ಯಾಯಾಮವೇ. ವಾಚಿನ ವೇಗ ನೋಡಿಕೊಂಡು ಏಳು ನಿಮಿಷಕ್ಕೆ ತರಲು ಹೋದವರು ಮೊದಲ ದಿನವೇ ಮೀನಖಂಡ ಹಿಡಿಸಿಕೊಳ್ಳುತ್ತಾರೆ.

ಖರ್ಚು ಜಾಸ್ತಿ ಆದರೆ ಆಗಲಿ, ತೂಕ ಇಳಿಯುತ್ತದೆ ಅನ್ನಬಹುದು. ಆದರೆ ಹಿಮ್ಮಡಿಯ ಪಾಡು ಕೇಳಿ. ಮರಳಿನಲ್ಲಿ ಹಿಮ್ಮಡಿ ಊರಿದಾಗ ಅದು ಬೆರಳುಗಳಿಗಿಂತ ಕೆಳಗೆ ಹೂತುಹೋಗುತ್ತದೆ. ಪಾದದ ಕೀಲು ಜಾಸ್ತಿ ಮಡಚಿ ಅಕಿಲಿಸ್ ಹೆಚ್ಚು ಎಳೆಯಲ್ಪಡುತ್ತದೆ. ಹಾಗೆ ಎಳೆದುಕೊಂಡ ಸ್ಥಿತಿಯಲ್ಲೇ ಮೀನಖಂಡ ಜೋರಾಗಿ ಕೆಲಸ ಮಾಡಬೇಕು. ಓಟದಲ್ಲಿ ಅಕಿಲಿಸ್ ಮೇಲೆ ಮೊದಲೇ ದೇಹದ ತೂಕದ ಆರೇಳು ಪಟ್ಟು ಭಾರ ಇರುತ್ತದೆ. ಇನ್ನು ಬರಿಗಾಲು. ಸಾಮಾನ್ಯ ಓಟದ ಶೂಗಳಲ್ಲಿ ಹಿಮ್ಮಡಿ ಬೆರಳಿಗಿಂತ ಎಂಟು ಹತ್ತು ಮಿಲಿಮೀಟರ್ ಎತ್ತರದಲ್ಲಿರುತ್ತದೆ. ನಿಮ್ಮ ಮೀನಖಂಡ ವರ್ಷಗಟ್ಟಲೆ ಆ ಎತ್ತರಕ್ಕೆ ಒಗ್ಗಿದೆ. ಶೂ ಬಿಚ್ಚಿದ ಕೂಡಲೇ ಅದು ಹೋಯಿತು. ಮರಳು ಹಿಮ್ಮಡಿಯನ್ನು ಇನ್ನಷ್ಟು ಕೆಳಗೆ ಇಳಿಸಿತು. ಒಂದೇ ದಿನ ಎರಡು ಬದಲಾವಣೆ, ಎರಡೂ ಒಂದೇ ಕಡೆಗೆ ಎಳೆಯುವಂಥವು.

2008ರಲ್ಲಿ ಜರ್ಮನಿಯ ವೈದ್ಯರು ವಯಸ್ಸಾದ ಓಟಗಾರರ ಗಾಯಗಳ ಲೆಕ್ಕ ಪ್ರಕಟಿಸಿದರು. ಮರಳಿನಲ್ಲಿ ಓಡುವವರಿಗೆ ಅಕಿಲಿಸ್ ತೊಂದರೆಯ ಸಾಧ್ಯತೆ ಹತ್ತು ಪಟ್ಟು ಕಂಡಿತು. ಡಾಂಬರಿನಲ್ಲಿ ಓಡುವವರಿಗೆ ಕಡಿಮೆಯೇ ಇತ್ತು. ಆ ಹತ್ತನ್ನು ಅಕ್ಷರಶಃ ನಂಬಬೇಡಿ, ಲೆಕ್ಕದ ಏರುಪೇರು ಅದರಲ್ಲಿ ಬಹಳ ಇದೆ. ಆದರೆ ಗಾಳಿ ಯಾವ ಕಡೆ ಬೀಸುತ್ತಿದೆ ಅನ್ನುವುದು ನಾವು ಕ್ಲಿನಿಕ್ಕಿನಲ್ಲಿ ನೋಡುವುದಕ್ಕೆ ಹೊಂದುತ್ತದೆ. ರಜೆ ಮುಗಿಸಿ ಗೋಕರ್ಣ, ಮಲ್ಪೆ, ಗೋವಾ ಕಡೆಯಿಂದ ಬಂದವರು ಕಣಕಾಲು ಹಿಡಿದುಕೊಂಡು ಬರುವುದಿಲ್ಲ. ಹಿಮ್ಮಡಿ ಹಿಡಿದುಕೊಂಡು ಬರುತ್ತಾರೆ.

ನಿಮ್ಮ ಕಣಕಾಲಿಗೂ ಇದರಲ್ಲಿ ಒಂದು ಎಚ್ಚರಿಕೆ ಇದೆ. ಕಣಕಾಲಿನ ಮೂಳೆಯನ್ನು ಬಗ್ಗಿಸುವುದು ನೆಲದ ಹೊಡೆತ ಮಾತ್ರ ಅಲ್ಲ. ಅದಕ್ಕೆ ಅಂಟಿಕೊಂಡ ಮೀನಖಂಡದ ಸ್ನಾಯುಗಳ ಎಳೆತವೂ ಬಗ್ಗಿಸುತ್ತದೆ, ಜೋರಾಗಿಯೇ. ಮರಳು ಹೊಡೆತವನ್ನು ತಗ್ಗಿಸಿ ಎಳೆತವನ್ನು ಏರಿಸಿದರೆ ಮೂಳೆಗೆ ಆದ ಲಾಭ ಎಷ್ಟು ಅಂತ ಖಡಾಖಂಡಿತ ಹೇಳುವುದು ಕಷ್ಟ. ಹಾಗಾಗಿ ಮರಳನ್ನು ಶಿನ್ ಸ್ಪ್ಲಿಂಟಿಗೆ ಔಷಧಿ ಅಂತ ನಾನು ಯಾರಿಗೂ ಬರೆದುಕೊಡುವುದಿಲ್ಲ.

ಈಗ ಮಲ್ಪೆ. ಹೊರಡುವ ಮೊದಲು ಮನೆಯಲ್ಲಿ ಒಂದು ಪರೀಕ್ಷೆ ಮಾಡಿ. ಗೋಡೆಗೆ ಬೆರಳು ತಾಗಿಸಿ ಒಂಟಿ ಕಾಲಲ್ಲಿ ನಿಂತು, ಮೊಣಕಾಲು ಬಗ್ಗಿಸದೆ, ಹಿಮ್ಮಡಿಯನ್ನು ಪೂರ್ತಿ ಎತ್ತಿ ಇಳಿಸಿ. ನೋವಿಲ್ಲದೆ ಒಂದೊಂದು ಕಾಲಲ್ಲಿ ಇಪ್ಪತ್ತು ಆಗಬೇಕು. ಹನ್ನೆರಡಕ್ಕೇ ನಡುಗಿದರೆ ಈ ಸಲ ಮರಳಿನಲ್ಲಿ ನಡಿಗೆ ಮಾತ್ರ ಸಾಕು. ಓಟ ಮುಂದಿನ ರಜೆಗೆ ಇರಲಿ.

ಇಪ್ಪತ್ತು ಆಯಿತು ಅಂದುಕೊಳ್ಳೋಣ. ಮರಳಿನಲ್ಲಿ ಓಡಬೇಕಾದದ್ದು ಅಲೆ ಬಂದು ಹಿಂದೆ ಸರಿದ ಜಾಗದಲ್ಲಿ. ಅಲ್ಲಿ ನೀರು ಮರಳಿನ ಕಣಗಳನ್ನು ಹಿಡಿದಿಟ್ಟಿರುತ್ತದೆ. ಶೂವಿನ ಗುರುತು ಚೊಕ್ಕವಾಗಿ ಮೂಡಿದರೆ ಒಳ್ಳೆಯ ನೆಲ. ಗುರುತಿನ ಅಂಚು ಕುಸಿದು ಗುಂಡಿಯಾದರೆ ಮೆತ್ತಗಿದೆ, ಇನ್ನೂ ನೀರಿನ ಕಡೆ ಸರಿಯಿರಿ. ಇಳಿತದ ಹೊತ್ತಿನಲ್ಲಿ ಇಂಥ ಗಟ್ಟಿ ಪಟ್ಟಿ ಅಗಲವಾಗಿ, ಸಮತಟ್ಟಾಗಿ ಸಿಗುತ್ತದೆ. ಭರತದ ಹೊತ್ತಿನಲ್ಲಿ ನೀರು ಮೇಲೆ ಬಂದು, ಉಳಿಯುವುದು ಇಳಿಜಾರು ಮತ್ತು ಒಣ ಮರಳು ಮಾತ್ರ.

ನೀವು ಆ ಊರಿನವರು, ನಾನು ಹೇಳಬೇಕಾಗಿಲ್ಲ, ಆದರೂ ಹೇಳುತ್ತೇನೆ. ಇಳಿತದ ಸಮಯ ದಿನಕ್ಕೆ ಸುಮಾರು ಐವತ್ತು ನಿಮಿಷ ಮುಂದಕ್ಕೆ ಹೋಗುತ್ತದೆ. ನೀವು ಹೋದ ದಿನ ಬೆಳಿಗ್ಗೆ ಆರಕ್ಕೆ ಇಳಿತ ಇದ್ದರೆ, ಒಂದು ವಾರದ ಹೊತ್ತಿಗೆ ಅದು ಮಧ್ಯಾಹ್ನಕ್ಕೆ ಸರಿದಿರುತ್ತದೆ. ಬೆಳಿಗ್ಗೆ ಆರಕ್ಕೆ ಭರತ ಇರುತ್ತದೆ. ಎರಡನೇ ವಾರದ ಕೊನೆಗೆ ಮತ್ತೆ ಬೆಳಗಿನ ಇಳಿತ. ಹಾಗಾಗಿ ನಡುವಿನ ಮೂರ್ನಾಲ್ಕು ದಿನ ತೀರದ ಓಟ ಬಿಟ್ಟುಬಿಡಿ. ಬಂದರಿನಲ್ಲಿ ಯಾರನ್ನಾದರೂ ಕೇಳಿದರೆ ಆ ದಿನದ ಸಮಯ ಹೇಳುತ್ತಾರೆ.

ಮೊದಲ ದಿನ ಬರೀ ಅರ್ಧ ಗಂಟೆ ನಡಿಗೆ, ಶೂ ಹಾಕಿಕೊಂಡೇ. ಒಂದು ದಿನ ಬಿಟ್ಟು, ಒಂದು ನಿಮಿಷ ಓಟ ಒಂದು ನಿಮಿಷ ನಡಿಗೆ, ಹೀಗೆ ಹತ್ತು ಸಲ. ಓಟ ಒಟ್ಟು ಹತ್ತೇ ನಿಮಿಷ ಆಯಿತು, ಅಷ್ಟೇನಾ ಅನಿಸುತ್ತದೆ. ಅಷ್ಟೇ. ಮರಳಿನ ಬಿಲ್ಲು ಅವತ್ತೇ ಬರುವುದಿಲ್ಲ, ಒಂದೆರಡು ದಿನ ಬಿಟ್ಟು ಬರುತ್ತದೆ. ಅದಕ್ಕೇ ನಡುವೆ ಖಾಲಿ ದಿನ ಇಟ್ಟಿರುವುದು. ಆಮೇಲೆ ಮೂರು ನಿಮಿಷ ಓಟ, ಒಂದು ನಿಮಿಷ ನಡಿಗೆ, ನಾಲ್ಕು ಸಲ. ಎಲ್ಲ ಸರಿಯಾಗಿದ್ದರೆ ಎರಡನೇ ವಾರದ ಕೊನೆಗೆ ಒಟ್ಟಿಗೆ ಇಪ್ಪತ್ತು ನಿಮಿಷ ಓಡಬಹುದು. ಅದಕ್ಕಿಂತ ಮೇಲೆ ಬೇಡ. ವಾಚನ್ನು ಮನೆಯಲ್ಲಿಡಿ. ಪಕ್ಕದವರ ಜೊತೆ ಪೂರ್ತಿ ವಾಕ್ಯದಲ್ಲಿ ಮಾತಾಡಲು ಆಗುತ್ತಿದ್ದರೆ ವೇಗ ಸರಿ ಇದೆ.

ತೀರ ಕಡಲ ಕಡೆಗೆ ವಾಲಿರುತ್ತದೆ. ಉತ್ತರಕ್ಕೆ ಓಡುವಾಗ ಎಡಗಾಲು ತಗ್ಗಿನಲ್ಲಿ, ದಕ್ಷಿಣಕ್ಕೆ ಬರುವಾಗ ಬಲಗಾಲು. ಹೋದಷ್ಟೇ ದೂರ ಅದೇ ಜಾಗದಲ್ಲಿ ವಾಪಸ್ ಬಂದರೆ ಎರಡೂ ಕಾಲಿಗೆ ಸಮ. ಅಣ್ಣ ಬೈಕಿನಲ್ಲಿ ಕರೆದುಕೊಂಡು ಬರುತ್ತಾನೆ ಅಂತ ಒಂದೇ ದಿಕ್ಕಿಗೆ ಓಡಬೇಡಿ. ಮೊಣಕಾಲಿನ ಹೊರಬದಿಯ ನೋವು ಬರುವುದು ಹೆಚ್ಚಾಗಿ ಹಾಗೆಯೇ.

ಬರಿಗಾಲಿನ ಆಸೆ ಇದ್ದರೆ ಓಟ ಮುಗಿದ ಮೇಲೆ ಐದು ನಿಮಿಷ ನಡೆಯಿರಿ. ಅಂಗಾಲಿನ ಸಣ್ಣ ಸ್ನಾಯುಗಳಿಗೆ ಅದೇ ಸಾಕಷ್ಟು ಕೆಲಸ. ಗಾಜಿನ ಚೂರು, ಮೀನಿನ ಮುಳ್ಳು ನೋಡಿಕೊಂಡು.

ಹೆಚ್ಚಾಯಿತು ಅಂತ ಗೊತ್ತಾಗುವುದು ಓಡುವಾಗ ಅಲ್ಲ, ಮಾರನೇ ದಿನ ಹಾಸಿಗೆಯಿಂದ ಇಳಿದ ಮೊದಲ ಹತ್ತು ಹೆಜ್ಜೆಯಲ್ಲಿ. ಮೀನಖಂಡದ ತಿರುಳು ಎರಡೂ ಕಾಲಲ್ಲಿ ಒಂದೇ ಥರ ನೋಯುತ್ತಿದ್ದರೆ ಹೆದರಬೇಡಿ, ಎರಡು ದಿನದಲ್ಲಿ ಹೋಗುತ್ತದೆ. ಹಿಮ್ಮಡಿಯಿಂದ ಮೂರ್ನಾಲ್ಕು ಬೆರಳು ಮೇಲೆ ಅಕಿಲಿಸ್ ಬಿಗಿದುಕೊಂಡು, ಹಿಂಡಿದರೆ ನೋಯುತ್ತಿದ್ದರೆ ವಿಷಯ ಬೇರೆ. ಆ ಬಿಗಿತ ಪೂರ್ತಿ ಹೋಗುವವರೆಗೆ ಮರಳಿಗೆ ಕಾಲಿಡಬೇಡಿ. ಇಲ್ಲಿ ಇನ್ನೊಂದು ಮೋಸವಿದೆ. ಓಡಲು ಶುರುಮಾಡಿದರೆ ಅಕಿಲಿಸ್ ನೋವು ಮಾಯವಾಗುತ್ತದೆ. ಓಡಿದರೇ ವಾಸಿ ಅಂತ ಜನ ಮುಂದುವರಿಸುತ್ತಾರೆ, ತಿಂಗಳುಗಟ್ಟಲೆ ಅನುಭವಿಸುತ್ತಾರೆ.

ಬೆಂಗಳೂರಿನ ಹುಲ್ಲಿಗೆ ಬರೋಣ. ನಿಮ್ಮ ಕಣಕಾಲಿಗೆ ಮರಳಿಗಿಂತ ಇದು ಒಳ್ಳೆಯ ದಾರಿ. ಗಟ್ಟಿ ಮಣ್ಣಿನ ಮೇಲಿನ ಗಿಡ್ಡ ಹುಲ್ಲು ಅಷ್ಟೇನೂ ಜರುಗುವುದಿಲ್ಲ. ಅಕಿಲಿಸ್ ಕೊಡುವ ಬಿಟ್ಟಿ ಬಹುಪಾಲು ಉಳಿಯುತ್ತದೆ, ಹಾಗಾಗಿ ಶ್ರಮ ರಸ್ತೆಗಿಂತ ಸ್ವಲ್ಪ ಮಾತ್ರ ಜಾಸ್ತಿ. ಬ್ರೆಜಿಲ್‌ನ ಸಾವ್ ಪೌಲೊದಲ್ಲಿ ಹವ್ಯಾಸಿ ಓಟಗಾರರ ಶೂ ಒಳಗೆ ಒತ್ತಡ ಅಳೆಯುವ ಅಟ್ಟೆ ಇಟ್ಟು ನೋಡಿದಾಗ, ಡಾಂಬರಿಗಿಂತ ಹುಲ್ಲಿನಲ್ಲಿ ಹಿಮ್ಮಡಿ ಮತ್ತು ಪಾದದ ಮುಂಭಾಗದ ಒತ್ತಡ ಕಡಿಮೆ ಇತ್ತು. ಒಟ್ಟು ಭಾರ ಹೆಚ್ಚುಕಮ್ಮಿ ಅಷ್ಟೇ ಇದ್ದರೂ ಅದು ಹೆಚ್ಚು ಜಾಗಕ್ಕೆ ಹರಡುತ್ತದೆ. ಜೊತೆಗೆ ಪ್ರತಿ ಹೆಜ್ಜೆಯೂ ತುಸು ಬೇರೆ ಬೇರೆ ಬೀಳುತ್ತದೆ. ನನ್ನ ಪ್ರಕಾರ ಹುಲ್ಲಿನ ದೊಡ್ಡ ಉಪಕಾರ ಈ ಎರಡನೆಯದು.

ಆದರೆ ಅದೇ ಅದರ ಅಪಾಯವೂ ಹೌದು. ನಮ್ಮ ಊರಿನ ಹುಲ್ಲು ಕ್ರಿಕೆಟ್ ಮೈದಾನದ ಹಾಗೆ ನಯವಾಗಿ ಇರುವುದಿಲ್ಲ. ಬೇರು, ಹೆಗ್ಗಣದ ಬಿಲ, ಯಾರೋ ಸ್ಟಂಪ್ ನೆಟ್ಟ ಗುಂಡಿ, ನೀರಿನ ಪೈಪು ಎಲ್ಲ ಹುಲ್ಲಿನಡಿ ಅಡಗಿರುತ್ತವೆ. ನೆಲ ಎರಡೂವರೆ ಸೆಂಟಿಮೀಟರಿನಷ್ಟು ಏರುತಗ್ಗು ಇದ್ದರೂ ಓಟದ ಖರ್ಚು ಸುಮಾರು ಶೇ 5ರಷ್ಟು ಏರುತ್ತದೆ. ಖರ್ಚಿಗಿಂತ ಪಾದ ಉಳುಕುವುದೇ ನಿಜವಾದ ಸಮಸ್ಯೆ. ಹಿಂದೆ ಯಾವತ್ತಾದರೂ ಪಾದ ಜೋರಾಗಿ ಉಳುಕಿದ್ದರೆ ಕತ್ತಲಲ್ಲಿ ಹುಲ್ಲಿಗೆ ಇಳಿಯಬೇಡಿ. ಆರೂವರೆಯ ಬೆಳಕು ಬರಲಿ.

ಹುಲ್ಲಿಗಿಂತಲೂ ನನಗೆ ಇಷ್ಟ ತುಳಿದು ಗಟ್ಟಿಯಾದ ಕೆಂಪು ಮಣ್ಣಿನ ದಾರಿ. ಕಬ್ಬನ್ ಪಾರ್ಕಿನ ಒಳಗೆ, ಜಿಕೆವಿಕೆ ಆವರಣದಲ್ಲಿ, ಕೆಲವು ಕೆರೆಗಳ ಏರಿಯ ಮೇಲೆ ಇನ್ನೂ ಉಳಿದಿದೆ. ಕಾಲಿಡುವ ಜಾಗ ಕಣ್ಣಿಗೆ ಕಾಣುತ್ತದೆ, ಜರುಗುವುದಿಲ್ಲ, ರಸ್ತೆಯ ಹಾಗೆ ಏಕತಾನವೂ ಅಲ್ಲ. ನಿಮ್ಮ ವಾರದ ಓಟಗಳಲ್ಲಿ ಎರಡನ್ನು ಇಂಥ ಕಡೆ ಹಾಕಿ. ಉಳಿದದ್ದು ರಸ್ತೆಯಲ್ಲೇ ಇರಲಿ. ಏಪ್ರಿಲ್‌ನ ಓಟ ನಡೆಯುವುದು ರಸ್ತೆಯ ಮೇಲೆ. ಮೂರು ತಿಂಗಳು ಹುಲ್ಲಲ್ಲೇ ಓಡಿ ಒಂದೇ ಸಲ ಹತ್ತು ಕಿಲೋಮೀಟರ್ ಡಾಂಬರು ತುಳಿದರೆ ಕಣಕಾಲು ಮತ್ತೆ ದೂರು ಹೇಳುತ್ತದೆ.

ಕೆಸರಿನ ಮಾತು ಈಗ ಡಿಸೆಂಬರ್‌ನಲ್ಲಿ ದೂರದ್ದು, ಚಿಕ್ಕದಾಗಿ ಹೇಳುತ್ತೇನೆ. ಅದೇ ಕೆಂಪು ಮಣ್ಣಿನಲ್ಲಿ ಜೇಡಿ ಇರುತ್ತದೆ. ಮಳೆ ಬಿದ್ದ ಮೇಲೆ ಅದು ಜಾರುತ್ತದೆ, ಶೂಗೆ ಮೆತ್ತಿಕೊಳ್ಳುತ್ತದೆ. ಶೂ ನೂರು ಗ್ರಾಂ ಭಾರವಾದರೆ ಓಟದ ಖರ್ಚು ಸುಮಾರು ಶೇ 1ರಷ್ಟು ಏರುತ್ತದೆ. ಒಂದೊಂದು ಶೂಗೆ ಕಾಲು ಕಿಲೋ ರಾಡಿ ಅಂಟುವುದು ದೊಡ್ಡ ಮಾತಲ್ಲ. ಅದಕ್ಕೆ ಜಾರುವಿಕೆಯನ್ನೂ ಸೇರಿಸಿ. ಆದರೆ ಕೆಸರಿನಲ್ಲಿ ಮೊದಲು ಸೋಲುವುದು ಮೀನಖಂಡವಲ್ಲ, ಒಳತೊಡೆ. ಪಾದ ಪಕ್ಕಕ್ಕೆ ಜಾರಿದಾಗಲೆಲ್ಲ ಅದನ್ನು ಒಳಕ್ಕೆ ಎಳೆದು ಹಿಡಿಯುವುದು ತೊಡೆಸಂದಿನ ಸ್ನಾಯುಗಳು. ಮಾರನೇ ದಿನ ಆಟೋ ಹತ್ತುವಾಗ ತೊಡೆಸಂದು ಹಿಡಿದುಕೊಂಡರೆ ಕಾರಣ ಅದೇ. ಹಿಂತೊಡೆಯೂ ಹಿಡಿಯುತ್ತದೆ, ಮುಂಗಾಲು ಜಾರಿ ಮುಂದಕ್ಕೆ ಹೋದಾಗ. ಉಪಾಯ ಒಂದೇ. ಹೆಜ್ಜೆ ಚಿಕ್ಕದು ಮಾಡಿ, ಪಾದ ಸೊಂಟದ ಕೆಳಗೇ ಬೀಳಲಿ, ತಿರುವಿನಲ್ಲಿ ನಡೆಯಿರಿ. ರಸ್ತೆ ಓಟದ ಸಪಾಟು ಅಟ್ಟೆಯ ಶೂನಲ್ಲಿ ಕೆಸರಿಗೆ ಇಳಿಯಲೇಬೇಡಿ. ನಾಲ್ಕೈದು ಮಿಲಿಮೀಟರ್ ಹಲ್ಲುಗಳಿರುವ ಟ್ರೇಲ್ ಶೂ ಬೇಕು. ನಗರದೊಳಗಿನ ನಿಂತ ನೀರು ಇನ್ನೊಂದು ಕಥೆ. ಅದರಡಿ ಗುಂಡಿ ಇರಬಹುದು, ಅದರಲ್ಲಿ ಚರಂಡಿ ಸೇರಿರಬಹುದು. ಕಾಲಲ್ಲಿ ಗಾಯ ಇದ್ದರೆ ಇಲಿ ಜ್ವರದ ಭಯವೂ ಉಂಟು. ಸುತ್ತಿ ಹೋಗಿ.

ಮಲ್ಪೆಯಿಂದ ಬಂದ ಮೇಲೆ ನೇರ 32ಕ್ಕೆ ಹಾರಬೇಡಿ. ಎರಡು ವಾರ ಮರಳಿನಲ್ಲಿ ನೀವು ಓಡಿದ ದೂರ ತೀರಾ ಕಡಿಮೆ. ಉಸಿರು ಗಟ್ಟಿಯಾಗಿರುತ್ತದೆ, ಆದರೆ ಮೂಳೆಗೆ ರಸ್ತೆಯ ಹೊಡೆತದ ರೂಢಿ ತಪ್ಪಿರುತ್ತದೆ. ಈ ಎರಡರ ನಡುವಿನ ಅಂತರವೇ ಜನವರಿಯಲ್ಲಿ ಹಲವರನ್ನು ಬೀಳಿಸುವುದು. ಮೊದಲ ವಾರ ಒಟ್ಟು 20 ಕಿಲೋಮೀಟರ್, ನಾಲ್ಕು ಓಟದಲ್ಲಿ, ಅದರಲ್ಲಿ ಎರಡು ಮಣ್ಣಿನ ದಾರಿಯಲ್ಲಿ. ಮುಂದೆ ವಾರಕ್ಕೆ ಎರಡು ಕಿಲೋಮೀಟರ್ ಸೇರಿಸಿ. ನಾಲ್ಕನೇ ವಾರ ಏರಿಸುವ ಬದಲು ನಾಲ್ಕು ಕಿಲೋಮೀಟರ್ ಇಳಿಸಿ, ಆಮೇಲೆ ಬಿಟ್ಟಲ್ಲಿಂದ ಮತ್ತೆ ಏರಿ. ಮಾರ್ಚ್ ಮೊದಲ ವಾರದ ಹೊತ್ತಿಗೆ 30 ಮುಟ್ಟುತ್ತೀರಿ, ಓಟಕ್ಕೆ ಅಷ್ಟು ಸಾಕು. ಹಿಮ್ಮಡಿ ಎತ್ತುವ ವ್ಯಾಯಾಮ ವಾರಕ್ಕೆ ಮೂರು ದಿನ ನಡೆಯಲಿ. ಅರ್ಧದಷ್ಟು ಸಲ ಮೊಣಕಾಲು ನೇರವಾಗಿಟ್ಟು, ಇನ್ನರ್ಧ ಸಲ ಬಗ್ಗಿಸಿ ಮಾಡಿ. ಬಗ್ಗಿಸಿ ಮಾಡಿದಾಗ ಮೀನಖಂಡದ ಒಳಗಿನ ಸ್ನಾಯು ಕೆಲಸ ಮಾಡುತ್ತದೆ, ಕಣಕಾಲಿನ ಮೂಳೆಗೆ ಅಂಟಿಕೊಂಡಿರುವುದು ಅದೇ.

ಪ್ರತಿ ಭಾನುವಾರ ಹೆಬ್ಬೆರಳಿನಿಂದ ಮೂಳೆ ಒತ್ತಿ ನೋಡುವುದನ್ನು ಮುಂದುವರಿಸಿ. ನೋಯುವ ಉದ್ದ ವಾರದಿಂದ ವಾರಕ್ಕೆ ಕಡಿಮೆಯಾಗುತ್ತಾ, ಒತ್ತಿದರೂ ನೋವು ಮೊದಲಿನಷ್ಟಿಲ್ಲ ಅಂತಾದರೆ ಸರಿಯಾದ ದಾರಿಯಲ್ಲಿದ್ದೀರಿ. ಹರಡಿಕೊಂಡಿದ್ದ ನೋವು ಒಂದೇ ಕಡೆ ಕೂಡಿಕೊಂಡು ಚೂಪಾಗುತ್ತಾ ಬಂದರೆ, ಉದ್ದ ಕಡಿಮೆಯಾಯಿತು ಅಂತ ಸಂತೋಷಪಡಬೇಡಿ. ಅವತ್ತೇ ಓಟ ನಿಲ್ಲಿಸಿ, ಡಾಕ್ಟರ ಹತ್ತಿರ ಎಂಆರ್‌ಐ ಮಾತಾಡಿ.